ಗಂಟೆ ಲೆಕ್ಕವೋ, ದಿನದ ಲೆಕ್ಕವೋ: ನನ್ನ ಹಾಲ್ ಬಾಡಿಗೆಯ ಅನುಭವ

ಸಭೆ, ಕಾರ್ಯಕ್ರಮಗಳಿಗೆ ಕೊಡುವ ನಮ್ಮ ಹಾಲ್ ಅನ್ನು ಮೊದಲು ದಿನದ ಲೆಕ್ಕದಲ್ಲಿ ಮಾತ್ರ ಬಾಡಿಗೆಗೆ ಕೊಡುತ್ತಿದ್ದೆ. ಸಣ್ಣ ಸಭೆ ಮಾಡುವವರು "ನಮಗೆ ಮೂರೇ ಗಂಟೆ ಸಾಕು" ಎಂದು ಕೇಳತೊಡಗಿದಾಗ ಗಂಟೆ ದರವನ್ನೂ ಇಟ್ಟೆ. ದಿನದ ಬಾಡಿಗೆ 100 ಅಂತ ಇಟ್ಟುಕೊಳ್ಳೋಣ. ಹಾಲ್ ತೆರೆದಿರುವುದು ದಿನಕ್ಕೆ 10 ಗಂಟೆ. ಭಾಗಿಸಿದೆ, ಗಂಟೆಗೆ 10 ಎಂದು ಬರೆದು ಹಾಕಿದೆ. ನಾನು ಮಾಡಿದ ದೊಡ್ಡ ತಪ್ಪು ಅದೇ.

ಒಂದು ದಿನ 11ರಿಂದ 2ರವರೆಗೆ ಬುಕಿಂಗ್ ಬಂತು, ಸಿಕ್ಕಿದ್ದು 30. ಗುಡಿಸಿ ಒರೆಸುವುದು, ಕುರ್ಚಿ ಹಾಕಿ ತೆಗೆಯುವುದು, ಕರೆಂಟು, ಕಾವಲಿನವರ ಸಂಬಳ ಎಲ್ಲ ಸೇರಿ ಖರ್ಚೇ 18 ಆಯಿತು. ಇದರಲ್ಲಿ 15ರಷ್ಟು ಮೂರು ಗಂಟೆಗೂ ಅಷ್ಟೇ, ಇಡೀ ದಿನಕ್ಕೂ ಅಷ್ಟೇ. ಮಾರನೇ ದಿನವೇ ಇನ್ನೊಬ್ಬರು ಅದೇ ತಾರೀಖಿಗೆ ಪೂರ್ತಿ ದಿನ ಕೇಳಿದರು. ಇಲ್ಲ ಅನ್ನಬೇಕಾಯಿತು. ದಿನದ ನಡುವಿನ ಮೂರು ಗಂಟೆ ಹೋದರೆ ಆ ದಿನವೇ ಹೋದ ಹಾಗೆ, ಅಲ್ವಾ?

ಆಮೇಲೆ ದರವನ್ನು ಎರಡು ಭಾಗ ಮಾಡಿದೆ. ಬುಕಿಂಗ್ ಎಷ್ಟೇ ಚಿಕ್ಕದಿರಲಿ, ಒಂದು ಸಲಕ್ಕೆ 20. ಅದರ ಮೇಲೆ ಗಂಟೆಗೆ 12. ಕನಿಷ್ಠ ಮೂರು ಗಂಟೆ. ಈಗ ಮೂರು ಗಂಟೆಗೆ 56, ಆರು ಗಂಟೆಗೆ 92. ಏಳು ಗಂಟೆಗೆ 104 ಆಗಬೇಕು, ಆದರೆ ದಿನದ ಬಾಡಿಗೆಗಿಂತ ಜಾಸ್ತಿ ಯಾವತ್ತೂ ತೆಗೆದುಕೊಳ್ಳುವುದಿಲ್ಲ, 100ಕ್ಕೇ ನಿಲ್ಲಿಸುತ್ತೇನೆ. ಇದನ್ನು ಬುಕಿಂಗ್‌ಗೆ ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ. ಆರು ಗಂಟೆ ಮೀರುವವರು ತಾವಾಗಿಯೇ ದಿನದ ಲೆಕ್ಕಕ್ಕೆ ಬರುತ್ತಾರೆ. ಬೇಡಿಕೆ ಜಾಸ್ತಿ ಇರುವ ದಿನಗಳಿಗೆ ಗಂಟೆ ಬುಕಿಂಗನ್ನು ಹತ್ತು ದಿನ ಮೊದಲು ಮಾತ್ರ ತೆರೆಯುತ್ತೇನೆ. ಅಷ್ಟರೊಳಗೆ ಪೂರ್ತಿ ದಿನಕ್ಕೆ ಯಾರೂ ಬರದಿದ್ದರೆ ಮಾತ್ರ.

ಗಂಟೆ ಎಲ್ಲಿಂದ ಎಲ್ಲಿಗೆ ಎನ್ನುವುದರಲ್ಲೇ ಜಗಳ ಜಾಸ್ತಿ. ಕಾರ್ಯಕ್ರಮ ಶುರುವಾದ ಹೊತ್ತಿನಿಂದ ಎಣಿಸಬೇಕು ಎಂದು ಬಂದವರು ಅಂದುಕೊಳ್ಳುತ್ತಾರೆ. ನಾನು ಕೀಲಿ ಕೊಟ್ಟ ಹೊತ್ತಿನಿಂದ ಕೀಲಿ ವಾಪಸ್ ಬರುವವರೆಗೆ ಎಣಿಸುತ್ತೇನೆ. ಅಲಂಕಾರ ಮಾಡುವುದು, ಅದನ್ನು ಬಿಚ್ಚುವುದು ಎಲ್ಲ ಅದರೊಳಗೇ. ಎರಡೂ ಹೊತ್ತನ್ನು ರಸೀದಿಯಲ್ಲಿ ಬರೆದು ಸಹಿ ಹಾಕಿಸುತ್ತೇನೆ. ಎರಡು ಬುಕಿಂಗ್‌ಗಳ ನಡುವೆ ಒಂದು ಗಂಟೆ ಖಾಲಿ ಬಿಡುತ್ತೇನೆ. ಇಲ್ಲದಿದ್ದರೆ ಮೊದಲಿನವರ ಕಸದ ಮಧ್ಯೆ ಎರಡನೆಯವರು ಬಂದು ನಿಲ್ಲುತ್ತಾರೆ.

ಠೇವಣಿಯಲ್ಲೂ ನನ್ನ ಲೆಕ್ಕ ತಪ್ಪಿತ್ತು. ಬಾಡಿಗೆಯ ಐದರಲ್ಲಿ ಒಂದು ಪಾಲು ಎಂದು ಇಟ್ಟಿದ್ದೆ. 30 ಕೊಟ್ಟವರ ಠೇವಣಿ ಬರೀ 6. ಅಂಥ ಒಂದು ಬುಕಿಂಗ್‌ನಲ್ಲೇ ಸ್ಪೀಕರ್ ಸುಟ್ಟುಹೋಯಿತು, ರಿಪೇರಿಗೆ 25 ಬಿತ್ತು. ವಸ್ತು ಹಾಳಾಗುವುದಕ್ಕೂ ಎಷ್ಟು ಹೊತ್ತು ಇದ್ದರು ಎನ್ನುವುದಕ್ಕೂ ಸಂಬಂಧವೇ ಇಲ್ಲ. ಈಗ ಗಂಟೆಗೆ ಬಂದವರಿಗೂ ದಿನಕ್ಕೆ ಬಂದವರಿಗೂ ಠೇವಣಿ ಒಂದೇ: 40. ನಮ್ಮಲ್ಲಿ ಹೆಚ್ಚಾಗಿ ಆಗುವ ದೊಡ್ಡ ರಿಪೇರಿ ಅಷ್ಟರಲ್ಲಿ ಮುಗಿಯುತ್ತದೆ.

ಸೌಂಡ್ ಸೆಟ್ ಹೊರಗೆ ಒಯ್ಯುವವರಿಗೆ ಗಂಟೆ ದರವನ್ನೇ ಇಟ್ಟಿಲ್ಲ. ಗಾಡಿಗೆ ಹೇರುವುದು, ಇಳಿಸುವುದು, ಬಂದ ಮೇಲೆ ಪರೀಕ್ಷೆ ಮಾಡುವುದಕ್ಕೇ ಅರ್ಧ ದಿನ ಬೇಕು. ವಾಪಸ್ ಬಂದಾಗ ಅವರ ಎದುರಿಗೇ ಸ್ಪೀಕರಿನ ಕಾಗದದ ಕೋನನ್ನು ಎರಡೂ ಕೈಯಿಂದ ಸಮನಾಗಿ, ಮೆಲ್ಲಗೆ ಒತ್ತಿ ನೋಡುತ್ತೇನೆ. ಒಳಗೆ ಕರಕರ ಉಜ್ಜಿದ ಹಾಗಾದರೆ ಅಥವಾ ಸುಟ್ಟ ವಾಸನೆ ಬಂದರೆ ಕಾಯಿಲ್ ಹೋಗಿದೆ ಅಂತ ಅನುಮಾನಿಸಬೇಕು. ಮಿತಿ ಮೀರಿತು ಎಂದು ತೋರಿಸುವ ಆಂಪ್ಲಿಫೈಯರಿನ ಕೆಂಪು ಕ್ಲಿಪ್ ದೀಪ ಉರಿಯುತ್ತಿದ್ದರೂ ದನಿ ಜಾಸ್ತಿ ಮಾಡುತ್ತಾ ಹೋದರೆ ಹೀಗಾಗುವುದುಂಟು. ಕೊಡುವಾಗಲೂ ಇದೇ ಪರೀಕ್ಷೆ ಮಾಡಿ ತೋರಿಸಿರುತ್ತೇನೆ. ಹಾಗಾಗಿ "ಮೊದಲೇ ಹಾಗಿತ್ತು" ಎಂಬ ಮಾತು ಬರುವುದಿಲ್ಲ.

ಠೇವಣಿಯಿಂದ ಯಾವುದಕ್ಕೆ ಎಷ್ಟು ಹಿಡಿಯುತ್ತೇನೆ ಎಂಬ ಪಟ್ಟಿ ರಸೀದಿಯ ಹಿಂದೆಯೇ ಇದೆ. ಮುರಿದ ಕುರ್ಚಿ, ಕಳೆದ ಮೈಕು, ಮೀರಿದ ಪ್ರತಿ ಅರ್ಧ ಗಂಟೆ. ಬಳಸಿ ಬಳಸಿ ಸವೆದದ್ದಕ್ಕೆ ಏನೂ ಹಿಡಿಯುವುದಿಲ್ಲ. ಅದು ಬಾಡಿಗೆಯಲ್ಲೇ ಸೇರಿದೆ, ಮತ್ತೆ ಕೇಳುವುದು ನ್ಯಾಯವಲ್ಲ.

ಶುರುವಿನಲ್ಲಿ ಠೇವಣಿ ದುಡ್ಡನ್ನೂ ಬಾಡಿಗೆ ಜೊತೆಗೇ ಇಟ್ಟುಕೊಂಡು ಖರ್ಚು ಮಾಡುತ್ತಿದ್ದೆ. ಒಂದೇ ವಾರದಲ್ಲಿ ಮೂವರಿಗೆ ವಾಪಸ್ ಕೊಡಬೇಕಾದಾಗ ಕೈಯಲ್ಲಿ ಇರಲಿಲ್ಲ, ಸಾಲ ಮಾಡಿ ಕೊಟ್ಟೆ. ಈಗ ಅದಕ್ಕೆ ಬೇರೆಯೇ ಖಾತೆ ಇದೆ, ರಸೀದಿಯೂ ಬೇರೆ. ಹಾಲ್ ನೋಡಿ ಎಲ್ಲ ಸರಿ ಇದ್ದರೆ ಅವತ್ತೇ ಹಿಂದಿರುಗಿಸುತ್ತೇನೆ. ರಿಪೇರಿ ಇದ್ದರೆ ಬಿಲ್ಲಿನ ಸಮೇತ ಮೂರು ದಿನದೊಳಗೆ.