ಗೆಳೆಯರಿಗೆ ಯುಪಿಐ ಮೂಲಕ ಕೊಟ್ಟ ಕೈಸಾಲ: ಲೆಕ್ಕ ತಾಳೆಯಾದ ಬಗೆ

ಚಿಕ್ಕಮಗಳೂರಿನಲ್ಲಿ ನನ್ನದು ಪಂಪ್‌ಸೆಟ್ ರಿಪೇರಿ ಅಂಗಡಿ. ಗೆಳೆಯರಲ್ಲಿ ಹೆಚ್ಚಿನವರು ಸಣ್ಣ ಕಾಫಿ ಬೆಳೆಗಾರರು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಹಣ್ಣು ಕೊಯ್ಲು ನಡೆಯುವಾಗ ಶನಿವಾರದ ಬಟವಾಡೆಗೆ ಹಣ ಸಾಲದೆ ಅವರು ನನಗೆ ಫೋನ್ ಮಾಡುತ್ತಾರೆ, ನಾನು ಅಂಗಡಿಯಲ್ಲಿ ಕುಳಿತಲ್ಲಿಂದಲೇ ಯುಪಿಐನಲ್ಲಿ ಕಳುಹಿಸುತ್ತೇನೆ. ಬಡ್ಡಿ ಇಲ್ಲ, ಚೀಟಿ ಇಲ್ಲ. ಇಂಥ ಹಣವನ್ನು ಬರೆದಿಡುತ್ತೇನೆಂದಾಗ ನನ್ನ ಹೆಂಡತಿಯೂ ಇಬ್ಬರು ಗೆಳೆಯರೂ, ಎಲ್ಲವೂ ಫೋನಿನಲ್ಲೇ ಇರುವಾಗ ಪುಸ್ತಕವೇಕೆ ಎಂದು ಕೇಳಿದ್ದರು. ಫೋನಿನಲ್ಲಿ ಎಲ್ಲವೂ ಇದೆ ಎಂಬುದು ನಿಜ, ಆದರೆ ಯಾವ ಹಣ ಯಾವ ಸಾಲಕ್ಕೆ ಮರಳಿತು ಎಂಬುದು ಮಾತ್ರ ಅಲ್ಲಿಲ್ಲ.

ಮೊದಲ ವರ್ಷ ನಾನು ಬರೆದದ್ದು ತಾರೀಕು, ಹೆಸರು, ಮೊತ್ತ ಈ ಮೂರನ್ನೇ. ಹಣ ಬಂದಾಗ ಅದೇ ಮೊತ್ತದ ಸಾಲಿಗೆ ಗೀಟು ಎಳೆಯುತ್ತಿದ್ದೆ. ಈ ಕ್ರಮ ಎಷ್ಟು ಅಪಾಯಕಾರಿ ಎಂಬುದು 2025ರ ಫೆಬ್ರುವರಿಯಲ್ಲಿ ಆಲ್ದೂರಿನ ಗೆಳೆಯನ ಲೆಕ್ಕದಲ್ಲಿ ಗೊತ್ತಾಯಿತು.

ಅವನಿಗೆ ನಾನು ಡಿಸೆಂಬರ್ 7ರಂದು 6,000, 21ರಂದು 4,500, ಜನವರಿ 11ರಂದು 2,000 ರೂಪಾಯಿ ಕಳುಹಿಸಿದ್ದೆ. ಕಾಫಿ ಮಾರಿದ ಮೇಲೆ ಅವನು 5,000 ಹಿಂದಿರುಗಿಸಿದ, ಬಳಿಕ ಅವನ ಭಾವಮೈದುನನ ಖಾತೆಯಿಂದ 3,500 ಬಂತು, ನಡುವೆ ಎರಡು ಕೆ.ಜಿ. ಕಾಳುಮೆಣಸು ಕೊಟ್ಟದ್ದಕ್ಕೆ 1,300 ಎಂದು ಇಬ್ಬರೂ ಒಪ್ಪಿಕೊಂಡೆವು. ನನ್ನ ಲೆಕ್ಕದಲ್ಲಿ ಬಾಕಿ 2,700. ಅವನು 700 ಎಂದ. "ಜನವರಿಯ ಆ ಎರಡು ಸಾವಿರ ನನಗೆ ಬಂದೇ ಇಲ್ಲ ಮಾರಾಯ, ಆವತ್ತು ಬಟವಾಡೆಗೆ ಬೇರೆಯವರ ಹತ್ತಿರ ಈಸ್ಕೊಂಡೆ" ಎಂದಾಗ ನನಗೆ ಸಿಟ್ಟು ಬಂದದ್ದು ಸುಳ್ಳಲ್ಲ, ಏಕೆಂದರೆ ನನ್ನ ಖಾತೆಯಿಂದ ಹಣ ಹೋದ ಮೆಸೇಜು ನನ್ನ ಬಳಿ ಇತ್ತು.

ಬ್ಯಾಂಕ್ ಸ್ಟೇಟ್‌ಮೆಂಟ್ ಇಳಿಸಿಕೊಂಡು ರಾತ್ರಿ ಸಾಲು ಸಾಲಾಗಿ ನೋಡಿದೆ. ಜನವರಿ 11ರಂದು 2,000 ಕಡಿತವಾಗಿತ್ತು. 12ರಂದು 2,000 ಜಮಾ ಆಗಿತ್ತು, ಮತ್ತು ಎರಡೂ ಸಾಲುಗಳಲ್ಲಿದ್ದ 12 ಅಂಕಿಯ ಸಂಖ್ಯೆ ಒಂದೇ ಆಗಿತ್ತು. ವಹಿವಾಟು ನಡುವೆಯೇ ಸೋತು ಹಣ ನನ್ನ ಖಾತೆಗೇ ಮರಳಿತ್ತು. ಆದರೆ ಮಲ್ಲಂದೂರಿನ ಇನ್ನೊಬ್ಬ ಗೆಳೆಯನೂ ನನಗೆ 2,000 ಕೊಡಬೇಕಾಗಿದ್ದುದರಿಂದ, ಆ ಜಮೆಯನ್ನು ಕಂಡ ನಾನು ಅವನ ಸಾಲಿಗೆ ಗೀಟು ಎಳೆದು "ಬಂತು" ಎಂದು ಅವನಿಗೆ ಹೇಳಿಯೂ ಬಿಟ್ಟಿದ್ದೆ. ಅವನೋ, ಮಗನಿಗೆ ಹಾಕಲು ಹೇಳಿದ್ದೆ, ಅವನು ಹಾಕಿರಬೇಕು ಎಂದು ಸುಮ್ಮನಿದ್ದ. ಒಂದು ಜಮೆಯನ್ನು ತಪ್ಪಾಗಿ ಹೊಂದಿಸಿದ್ದರಿಂದ ಕೊಡಬೇಕಾದವನು ಬಿಡುಗಡೆಯಾಗಿದ್ದ, ಪಡೆಯದವನು ಸಾಲಗಾರನಾಗಿದ್ದ. ಮರುದಿನವೇ ಆಲ್ದೂರಿಗೆ ಹೋಗಿ ಕ್ಷಮೆ ಕೇಳಿದೆ. ಮಲ್ಲಂದೂರಿನ ಹಣ ಬರಲು ಮತ್ತೆ ಎರಡು ತಿಂಗಳು ಹಿಡಿಯಿತು.

ಅಂದಿನಿಂದ ನನ್ನ ಲೆಕ್ಕದ ಆಧಾರ ಮೊತ್ತವೂ ಅಲ್ಲ, ಹೆಸರೂ ಅಲ್ಲ, ಆ 12 ಅಂಕಿಯ ಸಂಖ್ಯೆ. ಆ್ಯಪ್‌ನ ವಿವರದ ಪುಟದಲ್ಲಿ ಕೆಲವೊಮ್ಮೆ ಎರಡು ಸಂಖ್ಯೆಗಳಿರುತ್ತವೆ. ಅಕ್ಷರ ಬೆರೆತ ಉದ್ದನೆಯದು ಆ್ಯಪ್‌ನ ಸ್ವಂತದ್ದು, ಅದು ಬ್ಯಾಂಕಿನ ಸ್ಟೇಟ್‌ಮೆಂಟ್‌ನಲ್ಲಿ ಸಿಗುವುದಿಲ್ಲ. ಬರಿಯ ಅಂಕಿಗಳ 12ರದ್ದೇ ಎರಡೂ ಕಡೆ ಕಾಣುವುದು, ಕೆಲವು ಆ್ಯಪ್‌ಗಳಲ್ಲಿ ಅದಕ್ಕೆ UTR ಎಂದು ಬರೆದಿರುತ್ತದೆ. ನನ್ನ ಸ್ಟೇಟ್‌ಮೆಂಟ್‌ಗಳಲ್ಲಿ ಅದರ ಮೊದಲ ಅಂಕಿ ಇಸವಿಯ ಕೊನೆಯ ಅಂಕಿಯಾಗಿರುವುದನ್ನೂ, ನಂತರದ ಮೂರು ವರ್ಷದ ಎಷ್ಟನೆಯ ದಿನ ಎಂಬುದನ್ನು ಹೇಳುವುದನ್ನೂ ಗಮನಿಸಿದ್ದೇನೆ. ಆಲ್ದೂರಿನ ಆ ವಹಿವಾಟಿನ ಸಂಖ್ಯೆ 5011 ಎಂದು ಆರಂಭವಾಗಿತ್ತು, ಅಂದರೆ 2025ರ ಹನ್ನೊಂದನೆಯ ದಿನ. 12ನೇ ತಾರೀಕಿನ ಜಮೆಯೊಂದು 5011 ಎಂದು ಆರಂಭವಾದರೆ ಅದು ಹಿಂದಿನ ದಿನ ಹುಟ್ಟಿದ ವಹಿವಾಟು, ಬಹುಪಾಲು ಮರಳಿ ಬಂದ ಹಣ ಎಂದು ಈಗ ನನ್ನ ಕಣ್ಣಿಗೆ ತಕ್ಷಣ ಹೊಳೆಯುತ್ತದೆ.

ಪುಸ್ತಕವನ್ನು ಬಿಟ್ಟು ಫೋನಿನ ಶೀಟ್‌ನಲ್ಲಿ ಎರಡು ಹಾಳೆ ಮಾಡಿಕೊಂಡೆ. Lent ಎಂಬುದರಲ್ಲಿ ಕ್ರಮಸಂಖ್ಯೆ, ತಾರೀಕು, ಮೊತ್ತ, ಗೆಳೆಯನ ಗುರುತು, 12 ಅಂಕಿ. Back ಎಂಬುದರಲ್ಲಿ ತಾರೀಕು, 12 ಅಂಕಿ, ಮೊತ್ತ, ಮತ್ತು ಅದು ಯಾವ ಸಾಲಕ್ಕೆ ಸೇರಿತು ಎಂಬ ಕ್ರಮಸಂಖ್ಯೆ. ಒಂದೇ ಜಮೆ ಎರಡು ಸಾಲಗಳಿಗೆ ಹಂಚಿಹೋದರೆ ಅದೇ 12 ಅಂಕಿಯನ್ನು ಎರಡು ಸಾಲುಗಳಲ್ಲಿ ಬರೆಯುತ್ತೇನೆ. ವಹಿವಾಟು ಸೋತು ಮರಳಿ ಬಂದ ಹಣವನ್ನೂ ಅದೇ ಸಾಲದ ಎದುರು ಬರೆದರೆ ಬಾಕಿ ತಾನಾಗಿ ಸೊನ್ನೆಯಾಗುತ್ತದೆ. ಕಾಳುಮೆಣಸು, ನಗದು ಇತ್ಯಾದಿಗೆ 12 ಅಂಕಿಯ ಜಾಗದಲ್ಲಿ "ಕೈ" ಎಂದು ಬರೆದು, ಅಂದೇ ಗೆಳೆಯನಿಗೆ ಮೆಸೇಜು ಹಾಕುತ್ತೇನೆ. ಬಾಕಿಯ ಸೂತ್ರ ಇಷ್ಟೇ:

```
=C2-SUMIF(Back!D:D,A2,Back!C:C)
```

ಹನ್ನೆರಡು ಅಂಕಿಯ ಅಂಕಣವನ್ನು ಮೊದಲೇ ಪಠ್ಯವೆಂದು ಗುರುತಿಸಿಡಬೇಕು, ಇಲ್ಲದಿದ್ದರೆ ಸೊನ್ನೆಯಿಂದ ಆರಂಭವಾಗುವ ಸಂಖ್ಯೆಯ ಮೊದಲ ಸೊನ್ನೆ ಮಾಯವಾಗುತ್ತದೆ.

ಹಲವು ಸಾಲಗಳಿರುವ ಗೆಳೆಯ ಏನನ್ನೂ ಹೇಳದೆ ಹಣ ಹಾಕಿದರೆ ಯಾವುದಕ್ಕೆ ಜಮೆ ಮಾಡಬೇಕೆಂಬ ಗೊಂದಲ ಬಹಳ ದಿನ ಇತ್ತು. 1872ರ ಕರಾರು ಕಾಯ್ದೆಯ 59ರಿಂದ 61ನೆಯ ಕಲಮುಗಳಲ್ಲಿ ಇದಕ್ಕೆ ಕ್ರಮವಿದೆ: ಕೊಡುವವನು ಇಂಥ ಸಾಲಕ್ಕೆ ಎಂದು ಹೇಳಿದರೆ ಅದಕ್ಕೇ, ಹೇಳದಿದ್ದರೆ ಪಡೆಯುವವನ ಇಷ್ಟ, ಇಬ್ಬರೂ ನಿರ್ಧರಿಸದಿದ್ದರೆ ಹಳೆಯದಕ್ಕೆ ಮೊದಲು. ನಾನು ಹಳೆಯದಕ್ಕೇ ಜಮೆ ಮಾಡಿ, ಹಾಗೆ ಮಾಡಿದೆನೆಂದು ತಿಳಿಸುತ್ತೇನೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಪ್ರತಿ ಸಾಲಕ್ಕೂ ಪೈಸೆಯ ಬಾಲ ಹಚ್ಚಿ, ಉದಾಹರಣೆಗೆ 2,000.41 ಕಳುಹಿಸಿ, ಅಷ್ಟನ್ನೇ ಮರಳಿಸುವಂತೆ ಕೇಳಿದೆ. ಸುಮಾರು ಇಪ್ಪತ್ತು ಜನರಲ್ಲಿ ನಾಲ್ಕೈದು ಮಂದಿ ಮಾತ್ರ ಪೈಸೆ ಸಮೇತ ಹಾಕಿದರು, ಉಳಿದವರು ದುಂಡು ಮೊತ್ತವನ್ನೇ ಹಾಕಿದರು. ಹಣ ಕೇಳುವ ಕಲೆಕ್ಟ್ ವಿನಂತಿಯನ್ನು ನೆನಪೋಲೆಯಂತೆ ಬಳಸುತ್ತಿದ್ದೆ, ವ್ಯಕ್ತಿಗಳ ನಡುವಿನ ಆ ಸೌಲಭ್ಯವನ್ನು ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಇನ್ನು ಚಿಲ್ಲರೆ ಸಾಲಗಳನ್ನು ಯುಪಿಐ ಲೈಟ್‌ನಿಂದ ಕೊಟ್ಟದ್ದು ನನ್ನ ದೊಡ್ಡ ತಪ್ಪು. ಲೈಟ್‌ಗೆ ಹಣ ತುಂಬಿದ್ದು ಮಾತ್ರ ಬ್ಯಾಂಕಿನ ಸ್ಟೇಟ್‌ಮೆಂಟ್‌ನಲ್ಲಿ ಬರುತ್ತದೆ, ಒಂದೊಂದು ಪಾವತಿ ಬರುವುದಿಲ್ಲ. ಫೋನ್ ಬದಲಿಸಿದಾಗ ಆ್ಯಪ್‌ನಲ್ಲಿಯೂ ಹಳೆಯ ಪಾವತಿಗಳು ನನಗೆ ಸಿಗದೆ, ಸುಮಾರು ಸಾವಿರದೈನೂರು ರೂಪಾಯಿ ಯಾರದೆಂದು ತಿಳಿಯದೆ ಹೋಯಿತು. ಈಗ ಸಾಲವನ್ನು ಖಾತೆಯಿಂದಲೇ ಕೊಡುತ್ತೇನೆ.

ಹಣ ಕಳುಹಿಸುವಾಗ ಟಿಪ್ಪಣಿಯ ಜಾಗದಲ್ಲಿ ನಾನೊಂದು ಪುಟ್ಟ ಗುರುತು ಹಾಕುತ್ತೇನೆ. ಬೇರೆಯವರ ಖಾತೆಯಿಂದ ಬಂದ ಹಣವೂ ಯಾರ ಸಾಲದ್ದೆಂದು ಅದರಿಂದ ತಿಳಿಯುತ್ತದೆ. ಆ ಗುರುತಿನ ಬಗೆಯನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಗೆಳೆಯರೂ ಇದನ್ನು ಓದುತ್ತಾರೆ.

ತಿಂಗಳ ಮೊದಲ ಭಾನುವಾರ ಸ್ಟೇಟ್‌ಮೆಂಟ್ ತೆರೆದು, 12 ಅಂಕಿಗಳನ್ನು ಹುಡುಕಿ ತಾಳೆ ನೋಡಲು ನನಗೆ ಮುಕ್ಕಾಲು ಗಂಟೆ ಸಾಕು. ಕಳೆದ ಕೊಯ್ಲಿನಲ್ಲಿ ಅರವತ್ತರ ಆಸುಪಾಸು ಸಾಲಗಳಾಗಿ ಒಂದು ಲಕ್ಷ ನಲವತ್ತು ಸಾವಿರದಷ್ಟು ಹೊರಗೆ ಹೋಗಿತ್ತು, ಅದರಲ್ಲಿ ಬಾಕಿ ಇರುವುದು ಹನ್ನೊಂದು ಸಾವಿರ, ಅದು ಯಾರ ಬಳಿ ಎಷ್ಟೆಂದು ನನಗೆ ಗೊತ್ತಿದೆ. ಪುಸ್ತಕವೇಕೆ ಎಂದಿದ್ದ ನನ್ನ ಹೆಂಡತಿಯೇ ಈಗ ತನ್ನ ಸ್ವಸಹಾಯ ಸಂಘದ ಲೆಕ್ಕಕ್ಕೂ ಇಂಥ ಎರಡು ಹಾಳೆ ಮಾಡಿಸಿಕೊಂಡಿದ್ದಾಳೆ. ಹೊಂದದೆ ಉಳಿದ ಒಂದೇ ಒಂದು ಜಮೆ 500 ರೂಪಾಯಿಯದು, ಗುರುತಿಲ್ಲದ ಖಾತೆಯಿಂದ ಬಂದದ್ದು. ಯಾರ ಬಾಕಿಯಲ್ಲೂ ಅದನ್ನು ಕಳೆಯದೆ, Back ಹಾಳೆಯ ಕೊನೆಯಲ್ಲಿ ಕ್ರಮಸಂಖ್ಯೆಯ ಅಂಕಣವನ್ನು ಖಾಲಿ ಬಿಟ್ಟು ಬರೆದಿಟ್ಟಿದ್ದೇನೆ.