ಮೂರು ಚೀಟಿ, ಹದಿನೈದು ಸಾವಿರ ಬಾಡಿಗೆ

"ಮೂರು ತಿಂಗಳಾಗ ಜಗಳಾಡಿ ಮನಿ ಬಿಡ್ತೀರಿ" ಎಂದಿದ್ದರು ನಮ್ಮ ಮಾಲಕರು. ಬೆಳಗಾವಿಯ ಟಿಳಕವಾಡಿಯ ಆ ಮನೆಯಲ್ಲಿ ನಮಗೀಗ ಎರಡು ವರ್ಷ.

ಇದ್ದವರು ಮೂವರು. ಬ್ಯಾಂಕಿನವನ ಪಗಾರ ಸುಮಾರು 55 ಸಾವಿರ, ನನ್ನದು 30, ಉದ್ಯಮಬಾಗದ ಫೌಂಡ್ರಿ ಹುಡುಗನದು 15. ಬಾಡಿಗೆ 15,000. ಅದನ್ನು ಹಂಚಲು ಮೊದಲು ಟೇಪ್ ಹಿಡಿದು ಮೂರೂ ರೂಮು ಅಳೆದೆ. ಚದರಡಿ ಲೆಕ್ಕ ನೆಟ್ಟಗೇ ಬಂತು, ಆದರೆ ಪಶ್ಚಿಮದ ಬಿಸಿಲು ಟೇಪಿಗೆ ಸಿಗಲ್ಲ ಅಲ್ವಾ? ಏಪ್ರಿಲ್‌ನಲ್ಲಿ ನನ್ನ ರೂಮಿನ ಗೋಡೆ ಹಂಚಿನ ಹಾಗೆ ಕಾಯುತ್ತಿತ್ತು. ಆಮೇಲೆ ಪೂರ್ತಿ ಪಗಾರದ ಮೇಲೆ ಹಂಚಿದೆ. ಬ್ಯಾಂಕಿನವನಿಗೆ 8,250 ಬಿತ್ತು. "ನನ್ನ ಪಗಾರ ಅಷ್ಟ ಕಾಣತೈತಿ, ಸಾಲದ ಕಂತು ಕಾಣಂಗಿಲ್ಲೇನ್?" ಎಂದು ಎರಡು ದಿನ ಮಾತು ಬಿಟ್ಟ.

ಕೊನೆಗೆ ರೂಮಿನ ಲೆಕ್ಕ ಬೇರೆ, ಪಗಾರದ ಲೆಕ್ಕ ಬೇರೆ ಮಾಡಿದೆ. ಪ್ರತಿಯೊಬ್ಬನೂ ಮೂರೂ ರೂಮಿಗೆ ತನಗೆ ಸರಿ ಕಂಡ ಬೆಲೆ ಚೀಟಿಯಲ್ಲಿ ಬರೆಯಬೇಕು. ಮೂರೂ ಕೂಡಿದರೆ 15,000 ಆಗಲೇಬೇಕು. ಮೊದಲ ಸಲ ಬಾಯಲ್ಲೇ ಹೇಳಿಸಿದ್ದೆ, ಹುಡುಗ ನಾಚಿಕೊಂಡು ನಾವು ಹೇಳಿದ್ದನ್ನೇ ಹೇಳಿದ. ಅದಕ್ಕೇ ಚೀಟಿ.

ದೊಡ್ಡ ರೂಮಿಗೆ ಬ್ಯಾಂಕಿನವ 7,500 ಬರೆದಿದ್ದ. ನಡುವಿನದಕ್ಕೆ ನಾನು 5,500, ಸಣ್ಣದಕ್ಕೆ ಹುಡುಗ 4,500. ಆಯಾ ರೂಮಿಗೆ ಅವೇ ಜಾಸ್ತಿ, ಹಾಗಾಗಿ ರೂಮು ಅವರವರಿಗೇ. ಕೂಡಿದರೆ 17,500, ಅಂದರೆ 2,500 ಹೆಚ್ಚು. ಅದನ್ನು ಮೂವರಿಗೂ ಸಮನಾಗಿ ಕಳೆದು, ಚಿಲ್ಲರೆ ಸರಿಮಾಡಿ 6,650, 4,700, 3,650 ಎಂದು ನಿಲ್ಲಿಸಿದೆ. ಇಲ್ಲೇ ಮುಗಿಸಬೇಡಿ. ಪ್ರತಿಯೊಬ್ಬನ ಚೀಟಿ ಮತ್ತೆ ತೆಗೆದು, ಈ ದರದಲ್ಲಿ ಬೇರೆ ರೂಮು ಅವನಿಗೆ ಇದಕ್ಕಿಂತ ಅಗ್ಗ ಅನ್ನಿಸುತ್ತದಾ ನೋಡಿ. ಹುಡುಗ ನಡುವಿನದಕ್ಕೆ 5,000 ಬರೆದಿದ್ದ. ಅಲ್ಲಿ ಅವನಿಗೆ ಉಳಿಯುವುದು 300, ಸಣ್ಣದರಲ್ಲಿ 850. ಹಾಗಾಗಿ ತಕರಾರಿಲ್ಲ. ಸಮ ಕಡಿತದಿಂದ ಯಾವಾಗಲೂ ಹೀಗೆ ಹೊಂದುವುದಿಲ್ಲ. ಆಗ ದರ ಸ್ವಲ್ಪ ಆಚೀಚೆ ಮಾಡಬೇಕಾಗುತ್ತದೆ. ಬೇಕಂತಲೇ ಕಡಿಮೆ ಬರೆದವನನ್ನು ಹಿಡಿಯಲು ನನ್ನ ಹತ್ತಿರ ಒಂದು ಉಪಾಯವಿದೆ. ಇಲ್ಲಿ ಬರೆದರೆ ನಮ್ಮ ಹುಡುಗರು ಓದುತ್ತಾರೆ, ಬೇಡ.

ಪಗಾರ ನೋಡುವುದು ಕರೆಂಟು, ಗ್ಯಾಸ್, ನೆಟ್, ಕೆಲಸದವರ ಖರ್ಚಿಗೆ ಮಾತ್ರ. ತಿಂಗಳಿಗೆ ಹತ್ತಿರ ಹತ್ತಿರ 6,000. ಅರ್ಧ ಸಮಪಾಲು, ಅರ್ಧ ಪಗಾರದ ಪ್ರಕಾರ. ಬ್ಯಾಂಕಿನವನಿಗೆ 2,650, ನನಗೆ 1,900, ಹುಡುಗನಿಗೆ 1,450. ಬ್ಯಾಂಕಿನವ ಒಪ್ಪಿದ್ದಕ್ಕೆ ಕಾರಣ ಒಂದೇ: ಇಲ್ಲಿ ಅವನಿಗೆ ಸಮಪಾಲಿಗಿಂತ ಹೆಚ್ಚು ಬೀಳುವುದು ಬರೀ 650. ಆದರೆ ಕೂಲರ್ ಅವನೊಬ್ಬನದೇ. ಅದಕ್ಕೆ ಬೇರೆ ಸಣ್ಣ ಮೀಟರ್ ಹಾಕಿಸಿದೆ, ಆ ಯುನಿಟ್ ಪೂರ್ತಿ ಅವನ ತಲೆಗೆ.

ದುಡ್ಡು ಕೊಡಲು ಐದನೇ ತಾರೀಖು ದಾಟಿಸಿದವನು ಕಾಲು ಕಿಲೋ ಕುಂದಾ ತರಬೇಕು ಅಂತಲೂ ಸುಮ್ನೆ ಒಂದು ಪ್ರಯೋಗ ಮಾಡಿದೆ. ಎರಡೇ ತಿಂಗಳಿಗೆ ರದ್ದು ಮಾಡಬೇಕಾಯಿತು. ಬ್ಯಾಂಕಿನವ ಕುಂದಾ ತರಲಿಕ್ಕೆಂದೇ ದುಡ್ಡು ತಡ ಮಾಡತೊಡಗಿದ್ದ.