ಬೇಸಿಯನ್ ವರದಿ ಓದುವುದು ಹೇಗೆ: ಮೊದಲು ಪ್ರಯರ್, ಆಮೇಲೆ ಇಂಟರ್ವಲ್

ಪಿ-ವ್ಯಾಲ್ಯೂ, ಕಾನ್ಫಿಡೆನ್ಸ್ ಇಂಟರ್ವಲ್ ಕಲಿತು ಬಂದವರ ಕೈಗೆ ಬೇಸಿಯನ್ ವರದಿ ಸಿಕ್ಕರೆ ಕಣ್ಣು ಮೊದಲು ಹೋಗುವುದು ಕೊನೆಯ ಸಾಲಿನ ಇಂಟರ್ವಲ್ ಮೇಲೆ. ಅಲ್ಲಿಂದ ಶುರು ಮಾಡಬೇಡಿ. ಪ್ರಯರ್ ಏನು ಎಂದು ಮೊದಲು ಹುಡುಕಿ. ಈ ಡೇಟಾ ಕೈಗೆ ಬರುವ ಮೊದಲು ಯಾವ ಬೆಲೆಯನ್ನು ಎಷ್ಟು ಸಂಭವನೀಯ ಅಂದುಕೊಂಡಿದ್ದರು ಎನ್ನುವುದೇ ಪ್ರಯರ್. ಡೇಟಾ ನೋಡಿದ ಮೇಲೆ ಅದು ಬದಲಾಗಿ ಸಿಗುವುದೇ ಪೋಸ್ಟೀರಿಯರ್.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. 20 ರೋಗಿಗಳಿಗೆ ಒಂದು ಔಷಧ ಕೊಟ್ಟರು, 14 ಜನರಿಗೆ ಗುಣವಾಯಿತು. ವರದಿ ಹೀಗಿದೆ: ಪ್ರಯರ್ ಬೀಟಾ(10, 10), ಪೋಸ್ಟೀರಿಯರ್ ಸರಾಸರಿ 0.60, 95% ಕ್ರೆಡಿಬಲ್ ಇಂಟರ್ವಲ್ 0.45ರಿಂದ 0.74. ಇಪ್ಪತ್ತರಲ್ಲಿ ಹದಿನಾಲ್ಕು ಅಂದರೆ 0.70 ಅಲ್ವಾ? ಹಾಗಾದರೆ 0.60 ಎಲ್ಲಿಂದ ಬಂತು?

ಪ್ರಯರ್ ಅನ್ನು ರೋಗಿಗಳ ಲೆಕ್ಕಕ್ಕೆ ತನ್ನಿ

ಹೌದು-ಇಲ್ಲ ಬಗೆಯ ಡೇಟಾ ಇದ್ದಾಗ ಬೀಟಾ ಪ್ರಯರ್ ಓದುವುದು ಬಹಳ ಸುಲಭ. ಬೀಟಾ(10, 10) ಅಂದರೆ 10 ಜನ ಗುಣವಾದವರನ್ನು, 10 ಜನ ಗುಣವಾಗದವರನ್ನು ಮೊದಲೇ ನೋಡಿದಷ್ಟು ತೂಕ. ಅದಕ್ಕೆ ನಿಜವಾದ 14 ಮತ್ತು 6 ಸೇರಿಸಿ. ಬೀಟಾ(24, 16) ಆಯಿತು. ಅದೇ ಪೋಸ್ಟೀರಿಯರ್. ಸರಾಸರಿ 24/40, ಅಂದರೆ 0.60. ಪ್ರಯರ್‌ನ 20ಕ್ಕೂ ಡೇಟಾದ 20ಕ್ಕೂ ಸಮ ತೂಕ ಇರುವುದರಿಂದ ಉತ್ತರ 0.50 ಮತ್ತು 0.70ರ ಸರಿಯಾಗಿ ಮಧ್ಯೆ ನಿಂತಿದೆ.

ಈಗ ಕೇಳಬೇಕಾದ ಪ್ರಶ್ನೆ ತಾನಾಗಿಯೇ ಸಿಗುತ್ತದೆ: ನೋಡದೇ ಇರುವ 20 ರೋಗಿಗಳ ತೂಕವನ್ನು ಯಾವ ಆಧಾರದ ಮೇಲೆ ಕೊಟ್ಟರು? ಹಿಂದಿನ ಪ್ರಯೋಗಗಳಿದ್ದರೆ ಸರಿ. ಕಾರಣವನ್ನೇ ಬರೆಯದಿದ್ದರೆ ಆ 0.60 ಅನ್ನು ನಾನು ಒಪ್ಪುವುದಿಲ್ಲ.

ಈ ಪ್ರಯರ್‌ನ 95% ಭಾಗ ಸುಮಾರು 0.29ರಿಂದ 0.71ರ ನಡುವೆ ಇದೆ ಎನ್ನುವುದನ್ನೂ ನೋಡಿ. ಡೇಟಾ ಹೇಳುತ್ತಿರುವ 0.70 ಆ ಅಂಚಿಗೇ ತಾಗಿಕೊಂಡಿದೆ. ಪ್ರಯರ್ ಒಂದು ಕಡೆ, ಡೇಟಾ ಇನ್ನೊಂದು ಕಡೆ ಎಳೆಯುತ್ತಿರುವ ಲಕ್ಷಣ ಇದು. ಇಂಥ ಕಡೆ ನಿಧಾನವಾಗಿ ಓದಬೇಕು.

ಇಂಟರ್ವಲ್ ಹೇಳುವುದೇನು

ಕ್ಲಾಸಿಕಲ್ ಪಾಠ ನಿಮಗೆ ನೆನಪಿದೆ: 95% ಎನ್ನುವುದು ವಿಧಾನದ ಗುಣ. ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದರೆ ಹೀಗೆ ಕಟ್ಟಿದ ಇಂಟರ್ವಲ್‌ಗಳಲ್ಲಿ 95% ನಿಜವಾದ ಬೆಲೆಯನ್ನು ಹಿಡಿಯುತ್ತವೆ. ಕೈಯಲ್ಲಿರುವ ಒಂದು ಇಂಟರ್ವಲ್ ಬಗ್ಗೆ ಅದು ಏನೂ ಹೇಳುವುದಿಲ್ಲ. ಕ್ರೆಡಿಬಲ್ ಇಂಟರ್ವಲ್ ಹೇಳುವುದು ಆ ಒಂದರ ಬಗ್ಗೆಯೇ: ಗುಣವಾಗುವ ಪ್ರಮಾಣ 0.45 ಮತ್ತು 0.74ರ ನಡುವೆ ಇರುವ ಸಂಭವನೀಯತೆ 95%. ಆದರೆ ಪ್ರತಿ ಸಲವೂ ಮುಂದೆ ಒಂದು ಮಾತು ಸೇರಿಸಿಕೊಂಡೇ ಓದಿ: "ಈ ಪ್ರಯರ್, ಈ ಮಾದರಿ ಒಪ್ಪಿದರೆ."

ಔಷಧವಿಲ್ಲದೆಯೂ ಅರ್ಧ ಜನ ಗುಣವಾಗುತ್ತಾರೆ ಅನ್ನಿ. ಆಗಲೂ 0.5 ಇಂಟರ್ವಲ್ ಒಳಗಿದೆ, ಆದ್ದರಿಂದ ಪರಿಣಾಮವೇ ಇಲ್ಲ ಎಂದು ಬಿಡಬೇಡಿ. ಪ್ರಮಾಣ 0.5ಕ್ಕಿಂತ ಜಾಸ್ತಿ ಇರುವ ಸಂಭವನೀಯತೆ ಎಷ್ಟು ಎಂದು ನೇರವಾಗಿ ಕೇಳಬಹುದು. ಆರ್ ಭಾಷೆಯಲ್ಲಿ ಎರಡು ಸಾಲು ಸಾಕು:

```
qbeta(c(0.025, 0.975), 24, 16)
1 - pbeta(0.5, 24, 16)
```

ಎರಡನೆಯ ಸಾಲಿನ ಉತ್ತರ ಸುಮಾರು 0.90.

ಪ್ರಯರ್ ಬದಲಿಸಿ ನೋಡಿ

ಈಗ ಬೀಟಾ(1, 1) ಹಾಕಿ. 0ರಿಂದ 1ರವರೆಗೆ ಎಲ್ಲ ಬೆಲೆಗೂ ಸಮಾನ ತೂಕ ಕೊಡುವ ಪ್ರಯರ್ ಇದು. ಪೋಸ್ಟೀರಿಯರ್ ಬೀಟಾ(15, 7) ಆಗುತ್ತದೆ. ಸರಾಸರಿ 0.68, ಇಂಟರ್ವಲ್ 0.48ರಿಂದ 0.85, 0.5ಕ್ಕಿಂತ ಜಾಸ್ತಿ ಇರುವ ಸಂಭವನೀಯತೆ 0.96. ಅದೇ 20 ರೋಗಿಗಳು, ಆದರೂ ತೀರ್ಮಾನ ಇಷ್ಟು ಅಲ್ಲಾಡಿತು. ಒಳ್ಳೆಯ ವರದಿ ಈ ಎರಡನ್ನೂ ಪಕ್ಕಪಕ್ಕದಲ್ಲಿ ಕೊಡುತ್ತದೆ. ಕೊಡದಿದ್ದರೆ ಮೇಲಿನ ಸಾಲುಗಳಲ್ಲಿ ಸಂಖ್ಯೆ ಬದಲಿಸಿ ನೀವೇ ನೋಡಿ. 2,000 ರೋಗಿಗಳಲ್ಲಿ 1,400 ಜನ ಗುಣವಾಗಿದ್ದರೆ ಪ್ರಯರ್‌ನ 20 ಲೆಕ್ಕಕ್ಕೇ ಬರುತ್ತಿರಲಿಲ್ಲ. ಎರಡೂ ಪ್ರಯರ್ 0.70ರ ಹತ್ತಿರಕ್ಕೇ ಬರುತ್ತಿದ್ದವು.

ಸೊನ್ನೆ ಬಂದಾಗ ಹುಷಾರು

ಇಂಟರ್ವಲ್ ಕಟ್ಟುವುದಕ್ಕೆ ಎರಡು ದಾರಿಗಳಿವೆ. ಎರಡೂ ತುದಿಯಿಂದ 2.5% ಕತ್ತರಿಸುವುದು ಒಂದು. ಸಾಂದ್ರತೆ ಜಾಸ್ತಿ ಇರುವ ಕಡೆಯಿಂದ 95% ಆರಿಸಿಕೊಳ್ಳುವುದು ಇನ್ನೊಂದು. ವರದಿಗಳಲ್ಲಿ ಎರಡನೆಯದಕ್ಕೆ `HDI` ಅಥವಾ `HPD` ಎಂದು ಬರೆದಿರುತ್ತದೆ. ನಮ್ಮ ಉದಾಹರಣೆಯಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಅದೇ 20 ರೋಗಿಗಳಲ್ಲಿ ಒಬ್ಬರಿಗೂ ಅಡ್ಡಪರಿಣಾಮ ಆಗಿಲ್ಲ ಅನ್ನಿ. ಬೀಟಾ(1, 1) ಪ್ರಯರ್‌ನಿಂದ ಪೋಸ್ಟೀರಿಯರ್ ಬೀಟಾ(1, 21) ಆಗುತ್ತದೆ. ಮೊದಲ ದಾರಿಯಲ್ಲಿ ಇಂಟರ್ವಲ್ 0.001ರಿಂದ 0.16. ಸೊನ್ನೆ ಹೊರಗುಳಿಯಿತು! ಹಳೆಯ ಅಭ್ಯಾಸದಲ್ಲಿ ಓದಿದರೆ "ಅಡ್ಡಪರಿಣಾಮ ಇದೆ ಎಂದು ಸಾಬೀತಾಯಿತು" ಅನ್ನಿಸುತ್ತದೆ. ನಿಜದಲ್ಲಿ ಈ ಹಂಚಿಕೆ ಅತಿ ಎತ್ತರ ಇರುವುದೇ ಸೊನ್ನೆಯ ಬಳಿ. ಕೆಳಗಿನ ತುದಿಯನ್ನು ಸುಮ್ನೆ ಕತ್ತರಿಸಿದ್ದರಿಂದ ಸೊನ್ನೆ ಹೊರಗೆ ಹೋಯಿತು, ಅಷ್ಟೇ. ಎರಡನೆಯ ದಾರಿಯಲ್ಲಿ ಅದೇ ಪೋಸ್ಟೀರಿಯರ್ 0ರಿಂದ 0.13 ಎಂದು ಕೊಡುತ್ತದೆ. ಬೆಲೆ ಸೊನ್ನೆಯ ಅಥವಾ ಒಂದರ ಅಂಚಿಗೆ ಬಂದಾಗಲೆಲ್ಲ ಇಂಟರ್ವಲ್ ಯಾವ ಬಗೆಯದು ಎಂದು ನೋಡಿಯೇ ಮುಂದೆ ಹೋಗಿ.